ನೀವು ಮಲಗಿದಾಗ ನಿಮ್ಮ ಸ್ಟಾಪ್‌ಲಾಸ್ ಎಲ್ಲಿರುತ್ತದೆ?

ಸ್ವಯಂಚಾಲಿತ ವಹಿವಾಟಿನ ಪ್ರೋಗ್ರಾಂಗಳನ್ನು ಬರೆದುಕೊಡುವುದು ನನ್ನ ವೃತ್ತಿ. ಮಡಿಕೇರಿಯ ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಕಾಫಿ ಬೆಳೆಗಾರರು. ಹಗಲಿಡೀ ತೋಟದಲ್ಲಿರುವ ಅವರಿಗೆ ರಾತ್ರಿ 11.30ರವರೆಗೆ, ಚಳಿಗಾಲದಲ್ಲಿ 11.55ರವರೆಗೆ ತೆರೆದಿರುವ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನ ಕಚ್ಚಾ ತೈಲದ ಮೇಲೆ ಆಸಕ್ತಿ ಮೂಡುವುದು ಸಹಜವೇ. ಅವರು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನಾನು ನಿದ್ರಿಸುವಾಗ ಪ್ರೋಗ್ರಾಂ ತಾನೇ ವಹಿವಾಟು ನಡೆಸಬಲ್ಲದೇ?

ನಡೆಸಬಲ್ಲದು. ಬ್ರೋಕರ್ ಅದಕ್ಕೆ ಅನುಮತಿ ನೀಡಿರಬೇಕು ಮತ್ತು ಆ ದಿನದ ಲಾಗಿನ್ ಆಗಿರಬೇಕು.

ಪ್ರೋಗ್ರಾಂನಲ್ಲಿ ಸ್ಟಾಪ್‌ಲಾಸ್ ಬರೆದಿದೆಯಲ್ಲ, ಅಷ್ಟು ಸಾಲದೇ?

ಸಾಲದು. ಎಷ್ಟು ಸಲ ಹೇಳಿದರೂ ಜನರ ಮನಸ್ಸಿನಲ್ಲಿ ನಿಲ್ಲದ ಮಾತು ಇದೊಂದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ಟಾಪ್‌ಲಾಸ್ ಎಂದರೆ ನಷ್ಟಕ್ಕೆ ಮೊದಲೇ ಹಾಕಿಕೊಳ್ಳುವ ಮಿತಿ. ‘ಬೆಲೆ 5,940ಕ್ಕೆ ಇಳಿದರೆ ಮಾರು’ ಎಂದು ಪ್ರೋಗ್ರಾಂನಲ್ಲಿ ಬರೆದರೆ ಅದು ನಿಮ್ಮ ಲ್ಯಾಪ್‌ಟಾಪ್‌ನೊಳಗಿನ ಉದ್ದೇಶ ಮಾತ್ರ. ವಿನಿಮಯ ಕೇಂದ್ರಕ್ಕೆ ಅದರ ಸುಳಿವೇ ಇರುವುದಿಲ್ಲ. ಖರೀದಿಯಾದ ಕೂಡಲೇ ಸ್ಟಾಪ್‌ಲಾಸ್ ಆರ್ಡರನ್ನೂ ಕಳುಹಿಸಿದರೆ, ಅದು ವಿನಿಮಯ ಕೇಂದ್ರದಲ್ಲಿಯೇ ಕಾಯುತ್ತಿರುತ್ತದೆ. ಆಮೇಲೆ ನಿಮ್ಮ ಮನೆಯ ಕರೆಂಟ್ ಹೋದರೂ ಅದು ಹೋಗುವುದಿಲ್ಲ. ಎರಡರಲ್ಲಿ ಯಾವುದು ನಿಮ್ಮದೆಂದು ತಿಳಿಯಲು ಬ್ರೋಕರ್ ಆ್ಯಪ್‌ನ ಆರ್ಡರ್ ಪಟ್ಟಿಯನ್ನು ತೆರೆದು ನೋಡಿ. ಸಾಮಾನ್ಯವಾಗಿ `TRIGGER PENDING` ಎಂಬ ಸಾಲು ಅಲ್ಲಿರಬೇಕು. ಇಲ್ಲದಿದ್ದರೆ ನಿಮ್ಮ ಸ್ಟಾಪ್‌ಲಾಸ್ ಲ್ಯಾಪ್‌ಟಾಪ್‌ನಲ್ಲಿಯೇ ಉಳಿದಿದೆ ಎಂದರ್ಥ.

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ಇದನ್ನು ಕಕ್ಕಡದ ಮಳೆಯಲ್ಲಿ ಅನುಭವಿಸಿದರು. ಅವರ ಪ್ರೋಗ್ರಾಂ ರಾತ್ರಿ 9.40ಕ್ಕೆ ಕಚ್ಚಾ ತೈಲ ಮಿನಿಯ 5 ಲಾಟ್, ಅಂದರೆ 50 ಬ್ಯಾರೆಲ್, ತಲಾ 6,000 ರೂಪಾಯಿಗೆ ಖರೀದಿಸಲು ಆರ್ಡರ್ ಕಳುಹಿಸಿತು. ಆರ್ಡರ್ ತಲುಪಿ ಖರೀದಿಯೂ ಆಯಿತು. ಆದರೆ ಅದೇ ಕ್ಷಣದಲ್ಲಿ ಕರೆಂಟ್ ಹೋಗಿ ರೂಟರ್ ನಿಂತದ್ದರಿಂದ ‘ಖರೀದಿಯಾಗಿದೆ’ ಎಂಬ ಉತ್ತರ ಮನೆಗೆ ಬರಲಿಲ್ಲ. ಎರಡು ನಿಮಿಷದಲ್ಲಿ ಕರೆಂಟ್ ಮರಳಿದಾಗ, ಉತ್ತರ ಬಾರದ ಆರ್ಡರ್ ತಲುಪಿಯೇ ಇಲ್ಲವೆಂದು ಭಾವಿಸಿದ ಪ್ರೋಗ್ರಾಂ ಅದೇ ಬೆಲೆಗೆ ಮತ್ತೆ 5 ಲಾಟ್ ಖರೀದಿಸಿತು. ಆಮೇಲೆ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಬೆಳಗಿನವರೆಗೂ ಕರೆಂಟ್ ಬರಲಿಲ್ಲ. ಅವರು ಆಗಲೇ ಮಲಗಿದ್ದರು.

ಬೆಳಿಗ್ಗೆ 9 ಗಂಟೆಗೆ ಆ್ಯಪ್ ತೆರೆದಾಗ ಖಾತೆಯಲ್ಲಿ 10 ಲಾಟ್ ಇತ್ತು, ಬೆಲೆ 5,850ಕ್ಕೆ ಇಳಿದಿತ್ತು. ಅವರು ಸಹಿಸಲು ಸಿದ್ಧರಿದ್ದ ನಷ್ಟ 50 ಬ್ಯಾರೆಲ್‌ಗೆ ತಲಾ 60ರಂತೆ 3,000 ರೂಪಾಯಿ. ಆದದ್ದು 100 ಬ್ಯಾರೆಲ್‌ಗೆ ತಲಾ 150ರಂತೆ 15,000 ರೂಪಾಯಿ. ಎರಡನೆಯ ಖರೀದಿ ಆಗದಿದ್ದರೂ 7,500 ಹೋಗುತ್ತಿತ್ತು, ಏಕೆಂದರೆ ಸ್ಟಾಪ್‌ಲಾಸ್ ಲ್ಯಾಪ್‌ಟಾಪ್‌ನಲ್ಲಿತ್ತು. ಬೆಳಿಗ್ಗೆ ಪ್ರೋಗ್ರಾಂ ಮತ್ತೆ ಆರಂಭವಾದಾಗ ‘ನನ್ನ ಬಳಿ ಏನೂ ಇಲ್ಲ’ ಎಂದೇ ಅದು ನಂಬಿತ್ತು. ಅವರು ಅದನ್ನು ಕೂಡಲೇ ನಿಲ್ಲಿಸಿದ್ದರಿಂದ ಮೂರನೆಯ ಖರೀದಿ ತಪ್ಪಿತು. ನನ್ನೆದುರು ಕುಳಿತು ಅವರು ಮಳೆಯನ್ನು ಬೈದರು. ನನಗೆ ಬೇಸರವಾದದ್ದು ಅವರಿಗೆ ಆ ಪ್ರೋಗ್ರಾಂ ಬರೆದುಕೊಟ್ಟವರ ಮೇಲೆ.

ಅದಕ್ಕೆ ನಾನು ಮಾಡಿದ ಬದಲಾವಣೆಗಳು ಸರಳ. ಉತ್ತರ ಬಾರದಿದ್ದರೆ ಪ್ರೋಗ್ರಾಂ ಆರ್ಡರನ್ನು ಮತ್ತೆ ಕಳುಹಿಸುವುದಿಲ್ಲ. ಮೊದಲು ಬ್ರೋಕರ್‌ನ ಆರ್ಡರ್ ಪಟ್ಟಿಯನ್ನು ತರಿಸಿಕೊಂಡು, ತಾನು ಹಾಕಿದ ಗುರುತು ಅಲ್ಲಿದೆಯೇ ಎಂದು ಹುಡುಕುತ್ತದೆ. ಪ್ರತಿ ಸಲ ಆರಂಭವಾದಾಗಲೂ ತನ್ನ ನೆನಪನ್ನು ನಂಬದೆ, ಖಾತೆಯಲ್ಲಿ ಎಷ್ಟು ಲಾಟ್ ಇದೆ ಎಂದು ಬ್ರೋಕರನ್ನೇ ಕೇಳುತ್ತದೆ. ಖರೀದಿ ಖಚಿತವಾದೊಡನೆ, ಖರೀದಿಯಾದಷ್ಟೇ ಪ್ರಮಾಣಕ್ಕೆ ಸ್ಟಾಪ್‌ಲಾಸ್ ಆರ್ಡರ್ ಕಳುಹಿಸುತ್ತದೆ. ಖರೀದಿಗೂ ಈ ಆರ್ಡರ್‌ಗೂ ನಡುವಿನ ಕೆಲವು ಕ್ಷಣಗಳಲ್ಲಿ ಸಂಪರ್ಕ ಕಡಿದರೆ ಅಪಾಯ ಉಳಿದೇ ಇರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ.

ತೊಂದರೆಯಾದರೆ ನನ್ನ ಫೋನಿಗೆ ಸಂದೇಶ ಬರುತ್ತದಲ್ಲವೇ?

ಇಂಟರ್ನೆಟ್ ಕಡಿದುಹೋದ ಲ್ಯಾಪ್‌ಟಾಪ್, ಇಂಟರ್ನೆಟ್ ಕಡಿದಿದೆ ಎಂಬ ಸಂದೇಶವನ್ನು ಯಾವ ದಾರಿಯಲ್ಲಿ ಕಳುಹಿಸೀತು? ಆದ್ದರಿಂದ ಕ್ರಮವನ್ನು ತಿರುಗಿಸಬೇಕು. ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ‘ನಡೆಯುತ್ತಿದ್ದೇನೆ’ ಎಂದು ಹೊರಗಿನ ಸರ್ವರ್ ಒಂದಕ್ಕೆ ತಿಳಿಸುತ್ತಿರಲಿ. ಆ ಸುದ್ದಿ ನಿಂತಾಗ ಸರ್ವರ್ ನಿಮ್ಮ ಫೋನಿಗೆ ಕರೆ ಮಾಡಲಿ. ಫೋನ್ ಸೈಲೆಂಟ್‌ನಲ್ಲಿ ಇರಬಾರದು, ಕರೆಂಟ್ ಇಲ್ಲದಾಗಲೂ ನಿಮ್ಮ ಮನೆಯಲ್ಲಿ ಅದಕ್ಕೆ ಸಿಗ್ನಲ್ ಸಿಗಬೇಕು.

ಸ್ಟಾಪ್‌ಲಾಸ್ ವಿನಿಮಯ ಕೇಂದ್ರದಲ್ಲಿದ್ದರೆ ನಿಶ್ಚಿಂತೆಯಿಂದ ಮಲಗಬಹುದೇ?

ಮಾರುಕಟ್ಟೆ ತೆರೆದಿರುವವರೆಗೆ ಬಹುಮಟ್ಟಿಗೆ ಹೌದು. ಆ ಆರ್ಡರ್ ಅಂದಿನ ವಹಿವಾಟು ಮುಗಿಯುತ್ತಲೇ ರದ್ದಾಗುತ್ತದೆ, ಮುಚ್ಚಿದ ಮಾರುಕಟ್ಟೆಯಲ್ಲಿ ಯಾವ ಸ್ಟಾಪ್‌ಲಾಸ್ ಕೂಡ ಕೆಲಸ ಮಾಡುವುದಿಲ್ಲ. 2020ರ ಏಪ್ರಿಲ್ 20ರಂದು ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚಿತು. ಏಪ್ರಿಲ್ ಕಚ್ಚಾ ತೈಲದ ಬೆಲೆ ಆಗ ಬ್ಯಾರೆಲ್‌ಗೆ 965 ರೂಪಾಯಿ. ಆ ರಾತ್ರಿ ಅಮೆರಿಕದಲ್ಲಿ ಬೆಲೆ ಸೊನ್ನೆಗಿಂತ ಕೆಳಗೆ, −37.63 ಡಾಲರ್‌ಗೆ ಕುಸಿಯಿತು. ಅದಕ್ಕೆ ತಕ್ಕಂತೆ ಇಲ್ಲಿನ ಲೆಕ್ಕ ಬ್ಯಾರೆಲ್‌ಗೆ −2,884 ರೂಪಾಯಿಗೆ ಚುಕ್ತಾ ಆಯಿತು. 100 ಬ್ಯಾರೆಲ್‌ನ ಒಂದೇ ಲಾಟ್ ಇಟ್ಟುಕೊಂಡವರಿಗೂ ಸಂಜೆಯ ಬೆಲೆಯಿಂದ 3,84,900 ರೂಪಾಯಿ ನಷ್ಟ. ಈ ಕಾರಣಕ್ಕೆ ನನ್ನ ಬಳಿ ಬರುವ ಹೊಸಬರ ಪ್ರೋಗ್ರಾಂನಲ್ಲಿ, ರಾತ್ರಿ 11.15ಕ್ಕೆ ಎಲ್ಲ ಲಾಟ್‌ಗಳನ್ನೂ ಮಾರಿ ಖಾತೆಯನ್ನು ಖಾಲಿ ಮಾಡುವ ಸಾಲನ್ನು ನಾನೇ ಸೇರಿಸುತ್ತೇನೆ.