ಡಗ್‌ನನ್ನು ಉಳಿಸಿದರೂ ಕಾರ್ಲಿಯನ್ನು ಉಳಿಸಿದರೂ

2012ರಲ್ಲಿ ಟೆಲ್‌ಟೇಲ್ ಸಂಸ್ಥೆ ಐದು ಕಂತುಗಳಲ್ಲಿ ಹೊರತಂದ ‘ದಿ ವಾಕಿಂಗ್ ಡೆಡ್’ ಗೇಮಿನ ಮೊದಲ ಕಂತಿನಲ್ಲಿ, ಔಷಧಿ ಅಂಗಡಿಯೊಂದಕ್ಕೆ ನಡೆದಾಡುವ ಶವಗಳ ಹಿಂಡು ನುಗ್ಗುತ್ತದೆ. ಆಗ ಡಗ್ ಮತ್ತು ಕಾರ್ಲಿ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕಾಪಾಡುವಷ್ಟು ಸಮಯ ಆಟಗಾರನಿಗೆ ಸಿಗುತ್ತದೆ. ಇನ್ನೊಬ್ಬರು ಸಾಯುತ್ತಾರೆ, ಆಟ ಆ ಆಯ್ಕೆಯನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ಮೂರನೆಯ ಕಂತಿನ ರಸ್ತೆಬದಿಯ ಜಗಳದಲ್ಲಿ ಲಿಲ್ಲಿ ಎಂಬವಳು ಗುಂಡು ಹಾರಿಸುತ್ತಾಳೆ. ಬದುಕಿದ್ದವಳು ಕಾರ್ಲಿಯಾದರೆ ಗುಂಡು ನೇರವಾಗಿ ಅವಳಿಗೇ ಬೀಳುತ್ತದೆ. ಡಗ್ ಆದರೆ, ಬೆನ್ ಎಂಬ ಹುಡುಗನನ್ನು ಪಕ್ಕಕ್ಕೆ ತಳ್ಳಿ ತಾನು ಅದಕ್ಕೆ ಬಲಿಯಾಗುತ್ತಾನೆ. ಅಲ್ಲಿಂದ ಮುಂದೆ ಇಬ್ಬರೂ ಇಲ್ಲದ ಒಂದೇ ಕಥೆ.

ಕವಲೊಡೆದ ಕಥೆಯನ್ನು ಹೀಗೆ ಮತ್ತೆ ಒಂದಾಗಿಸುವುದಕ್ಕೆ ಕಾರಣ ಲೆಕ್ಕದಲ್ಲಿದೆ. ಪ್ರತಿ ಸಲವೂ ಎರಡು ದಾರಿಗಳಾಗಿ ಒಡೆದು ಮತ್ತೆಂದೂ ಕೂಡದ ಕಥೆಯಲ್ಲಿ ಹತ್ತು ಆಯ್ಕೆಗಳಿದ್ದರೆ 1,024 ಅಂತ್ಯಗಳೂ ಒಟ್ಟು 2,047 ದೃಶ್ಯಗಳೂ ಬೇಕಾಗುತ್ತವೆ, ಆದರೆ ಒಬ್ಬ ಆಟಗಾರ ಒಂದು ಆಟದಲ್ಲಿ ನೋಡುವುದು ಅವುಗಳಲ್ಲಿ 11ನ್ನು ಮಾತ್ರ. ಪ್ರತಿ ಕವಲಿನ ನಂತರ ಎರಡು ಚಿಕ್ಕ ದೃಶ್ಯಗಳನ್ನಿಟ್ಟು, ಅವೆರಡನ್ನೂ ಒಂದು ಸಾಮಾನ್ಯ ದೃಶ್ಯಕ್ಕೆ ತಂದು ಸೇರಿಸಿದರೆ 31 ದೃಶ್ಯಗಳು ಸಾಕು. ಧ್ವನಿಮುದ್ರಣ, ಅನಿಮೇಷನ್, ಪರೀಕ್ಷೆ ಎಲ್ಲಕ್ಕೂ ಹಣ ತೆರಬೇಕಾದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹೀಗೆ ಕೂಡಿಸುವಾಗ ಆಯ್ಕೆ ಅಳಿಸಿಹೋಗದಂತೆ ಅದನ್ನು ಒಂದು ಚರಾಂಕದಲ್ಲಿ ಬರೆದಿಡುತ್ತಾರೆ. ಕವಲುಕಥೆಗಳಿಗೆಂದೇ ರೂಪಿಸಿದ ‘ಇಂಕ್’ ಭಾಷೆಯಲ್ಲಿ (ಟೆಲ್‌ಟೇಲ್ ಬಳಸಿದ್ದು ಇದನ್ನಲ್ಲ) ಮೇಲಿನ ಸಂದರ್ಭವನ್ನು ಹೀಗೆ ಬರೆಯಬಹುದು:

```
VAR saved = ""
* [Doug]
  ~ saved = "doug"
* [Carley]
  ~ saved = "carley"
- -> motel
```

ಕೊನೆಯ ಸಾಲು ಎರಡೂ ದಾರಿಗಳನ್ನು `motel` ಎಂಬ ಒಂದೇ ದೃಶ್ಯಕ್ಕೆ ಒಯ್ಯುತ್ತದೆ. ಆ ದೃಶ್ಯ `saved` ಅನ್ನು ಓದಿ, ಯಾರು ಬದುಕಿದ್ದಾರೋ ಅವರ ಬಾಯಲ್ಲಿ ಅವರಿಗೆ ಒಪ್ಪುವ ನಾಲ್ಕು ಮಾತು ಆಡಿಸುತ್ತದೆ. ಆದರೆ ಈ ಜೋಡಿ ಮಾತುಗಳ ಖರ್ಚು ಪ್ರತಿ ದೃಶ್ಯದಲ್ಲೂ ಮರುಕಳಿಸುವುದರಿಂದ, ಸಾಯಬಹುದಾಗಿದ್ದ ಪಾತ್ರಕ್ಕೆ ಕಥೆ ಮುಖ್ಯ ಕೆಲಸ ಕೊಡಲು ಹಿಂಜರಿಯುತ್ತದೆ. ಎರಡನೆಯ ಕಂತಿನಲ್ಲಿ ಉಳಿದುಕೊಂಡವರು, ಅವರು ಯಾರೇ ಆಗಿರಲಿ, ಅಂಚಿಗೆ ಸರಿದಿರುವುದನ್ನು ಗಮನಿಸಬಹುದು. ಕೂಡುವಿಕೆ ಹತ್ತಿರದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಬೇರಿಲ್ಲ. ಮೂರನೆಯ ಕಂತಿನ ಗುಂಡು ಆ ಖರ್ಚಿಗೆ ಪೂರ್ಣವಿರಾಮ ಹಾಕುತ್ತದೆ.

ಇದನ್ನು ಮೋಸವೆಂದು ಕರೆಯುವವರಿದ್ದಾರೆ. ಕಥೆ ಆಟಗಾರನ ನಡೆಗೆ ತಕ್ಕಂತೆ ರೂಪುಗೊಳ್ಳುತ್ತದೆ ಎಂದು ಆರಂಭದಲ್ಲೇ ಪರದೆಯ ಮೇಲೆ ಬರೆದುಕೊಂಡ ಆಟದ ಬಗ್ಗೆ ಆ ದೂರು ನ್ಯಾಯವಾದದ್ದೇ. ಆದರೆ ಘಟನೆಗಳು ಕೂಡಿದ ಮಾತ್ರಕ್ಕೆ ದಾಖಲೆ ಕೂಡಬೇಕಾಗಿಲ್ಲ. ಐದನೆಯ ಕಂತಿನಲ್ಲಿ ಎದುರಾಗುವ ಅಪರಿಚಿತನೊಬ್ಬ, ನಾಯಕ ಲೀ ಹಿಂದೆ ಮಾಡಿದ್ದನ್ನು ಎತ್ತಿ ಆಡಿ ಪ್ರಶ್ನಿಸುತ್ತಾನೆ. ಎಲ್ಲ ಆಟಗಾರರೂ ತಲುಪುವುದು ಅದೇ ಕೋಣೆಗೆ, ಆದರೆ ಅಲ್ಲಿ ಕೇಳಿಸಿಕೊಳ್ಳುವ ಆರೋಪಗಳು ಒಬ್ಬೊಬ್ಬರಿಗೆ ಒಂದೊಂದು.