ತಕ್ಕಡಿಯನ್ನು ನಿಘಂಟಿನಲ್ಲಿ ಎಲ್ಲಿ ಹುಡುಕುವುದು?

ಅರಬಿ ಕಲಿಯಲು ಬಂದವರಿಗೆ ಮೊದಲ ದಿನವೇ ಎರಡು ಜೋಡಿ ಪದ ಬರೆದು ತೋರಿಸುತ್ತೇನೆ: ನಜರು–ಮಂಜೂರು, ಅಮಲು–ಮಾಮೂಲು. ನಾಲ್ಕೂ ಅರಬಿಯಿಂದ ಹೊರಟು ಪಾರಸಿ ದಾಟಿ ಬಂದವು. ಕನ್ನಡದಲ್ಲಿ ಇವುಗಳ ನಂಟು ಕಾಣುವುದಿಲ್ಲ. ಅರಬಿಯಲ್ಲಿ ನ-ಜ-ರ ಎಂಬ ಮೂರು ವ್ಯಂಜನಗಳಿಗೆ ನೋಟದ ಅರ್ಥ, ಅ-ಮ-ಲಕ್ಕೆ ಕೆಲಸದ ಅರ್ಥ. (ಈ ‘ಅ’ ಸ್ವರವಲ್ಲ, ಗಂಟಲಿನಿಂದ ಹೊರಡುವ ‘ಐನ್’ ಎಂಬ ವ್ಯಂಜನ, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವೇ ಇಲ್ಲ.) ಮೊದಲಿಗೆ ‘ಮ’, ಕೊನೆಯ ಎರಡು ವ್ಯಂಜನಗಳ ನಡುವೆ ‘ಊ’ ಇರುವ ಅಚ್ಚಿಗೆ ಇವನ್ನು ಸುರಿದರೆ ನೋಡಿದ್ದು ‘ಮಂಜೂರ್’, ಮಾಡಿದ್ದು ‘ಮಾಮೂಲ್’. ನೋಡಿದ್ದು ಮುಂದೆ ಒಪ್ಪಿದ್ದಾಯಿತು, ಮಾಡುತ್ತ ಬಂದದ್ದು ರೂಢಿಯಾಯಿತು.

ಅರಬಿ ವೈಯಾಕರಣರು ಈ ಅಚ್ಚನ್ನು ಕರೆಯುವುದು ‘ವಜ್ನ್’ ಎಂದು. ತೂಕ ಎಂಬ ಅರ್ಥದ ನಮ್ಮ ‘ವಜನು’ ಅದೇ ಪದ.

ಅಚ್ಚಿನೊಳಗೂ ಎರಡು ಪದರ ಇವೆ ಎಂದು 1979ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಭಾಷಾವಿಜ್ಞಾನಿ ಜಾನ್ ಮೆಕಾರ್ಥಿ ವಾದಿಸಿದರು: ವ್ಯಂಜನ-ಸ್ವರಗಳ ಖಾಲಿ ಚೌಕಟ್ಟು ಒಂದು, ಅದರಲ್ಲಿ ಕೂರುವ ಸ್ವರಗಳ ಸಾಲು ಇನ್ನೊಂದು. ‘ಕತಬ’ ಎಂದರೆ ಬರೆದನು, ‘ಕುತಿಬ’ ಎಂದರೆ ಬರೆಯಲಾಯಿತು. ಕ-ತ-ಬ ಕದಲಲಿಲ್ಲ, ಚೌಕಟ್ಟೂ ಬದಲಾಗಲಿಲ್ಲ. ‘ಉ–ಇ’ ಎಂಬ ಸ್ವರದ ಸಾಲೇ ಕರ್ಮಣಿಯನ್ನು ಹೊತ್ತಿದೆ. ಚೌಕಟ್ಟು ಉದ್ದವಾದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ತಕಾತಬ’ದ ಕರ್ಮಣಿ ‘ತುಕೂತಿಬ’. ‘ಇ’ ಕೊನೆಯ ಮನೆಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಹಿಂದಿನ ಮನೆಗಳಿಗೆಲ್ಲ ‘ಉ’ ಹರಡಿಕೊಳ್ಳುತ್ತದೆ. (ಕೊನೆಯ ‘ಅ’ ಈ ಸಾಲಿನದಲ್ಲ, ‘ಅವನು’ ಎಂದು ಹೇಳುವ ಪ್ರತ್ಯಯ.)

ಕಲಿಯುವವರು ಎಡವುವುದು ನಿಘಂಟಿನಲ್ಲಿ. ಹಾನ್ಸ್ ವೇರ್ ಅವರ ಅರಬಿ ನಿಘಂಟಿನ ಅನುಕ್ರಮ ಮೂಲವ್ಯಂಜನಗಳದ್ದು. ಒಬ್ಬ ವಿದ್ಯಾರ್ಥಿ ತಕ್ಕಡಿ ಎಂಬ ಅರ್ಥದ ‘ಮೀಜಾನ್’ ಪದವನ್ನು ಮ-ಯ-ಜ ಕೆಳಗೆ ಹುಡುಕಿದ. ಅಲ್ಲಿ ‘ಬೇರ್ಪಡಿಸು, ಭೇದ ಗುರುತಿಸು’ ಎಂಬ ಅರ್ಥಗಳಿದ್ದವು. ತಕ್ಕಡಿಯ ಕೆಲಸವೂ ಅದೇ ಅಲ್ಲವೇ ಎಂದು ನಂಬಿಬಿಟ್ಟ. ತಪ್ಪಾದರೂ ಮೂರ್ಖ ಊಹೆಯಲ್ಲ. ಕೊನೆಯ ‘ಆನ್’ ಎಷ್ಟೋ ಪದಗಳಲ್ಲಿ ಬರಿಯ ಪ್ರತ್ಯಯವೇ.

ಬಹುವಚನ ಹೇಳು ಎಂದೆ. ‘ಮವಾಜೀನ್’ ಎಂದ. ಅಡಗಿದ್ದ ‘ವ’ ಹೊರಬಂತು. ಮೂಲ ವ-ಜ-ನ, ಅಚ್ಚು ಉಪಕರಣಗಳದ್ದು: ಫ-ತ-ಹ ಎಂದರೆ ತೆರೆ, ತೆರೆಯುವ ಕೀಲಿಕೈ ‘ಮಿಫ್ತಾಹ್’. ಅದೇ ಅಚ್ಚಿನಲ್ಲಿ ‘ಮಿವ್‌ಜಾನ್’ ಆಗಬೇಕಿತ್ತು, ಆದರೆ ಅರಬಿಯಲ್ಲಿ ‘ಇವ್’ ನಿಲ್ಲುವುದಿಲ್ಲ, ‘ಈ’ ಆಗುತ್ತದೆ. ‘ಮವಾಜೀನ್’ನಲ್ಲಿ ‘ವ’ದ ಹಿಂದೆ ‘ಇ’ ಇಲ್ಲದ್ದರಿಂದ ಅದು ಉಳಿಯಿತು.

ಅಂದಿನಿಂದ ಆತ ದೀರ್ಘ ‘ಈ’ ಕಂಡಲ್ಲೆಲ್ಲ ಬಹುವಚನ ಕೇಳತೊಡಗಿದ. ‘ಈದ್’ ಅವನನ್ನು ಮತ್ತೆ ಕೆಡವಿತು. ಅದರ ಮೂಲ ಮರಳುವಿಕೆಯನ್ನು ಹೇಳುವ ಐನ್-ವ-ದ, ಬಹುವಚನ ಮಾತ್ರ ‘ಅಯಾದ್’. ‘ವ’ ಅಲ್ಲಿ ಮರಳುವುದೇ ಇಲ್ಲ.