ಪ್ಲಂಬರ್‌ಗೆ ವಾಟ್ಸ್‌ಆ್ಯಪ್ ಬಿಸಿನೆಸ್: ಸ್ವಾಗತ ಸಂದೇಶದಿಂದ ಕ್ಯಾಟಲಾಗ್‌ವರೆಗೆ

ಒಬ್ಬರೇ ಓಡಾಡಿ ಕೆಲಸ ಮಾಡುವ ಪ್ಲಂಬರ್ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಗಡಿ ಇಲ್ಲ, ಫೋನ್ ಎತ್ತಲು ಇನ್ನೊಬ್ಬರಿಲ್ಲ. ಕೈ ಒದ್ದೆಯಾಗಿ ಸಿಂಕಿನ ಕೆಳಗೆ ಬಾಗಿರುವಾಗಲೇ ಮೂರು ಮೆಸೇಜ್ ಬಂದಿರುತ್ತವೆ. ಒಬ್ಬರದು 'ಹಾಯ್', ಇನ್ನೊಬ್ಬರದು 'ಬರ್ತೀರಾ?', ಮತ್ತೊಬ್ಬರದು 'ಎಷ್ಟಾಗುತ್ತೆ?'. ಮೂರರಲ್ಲೂ ಕೆಲಸಕ್ಕೆ ಬೇಕಾದ ವಿವರ ಒಂದೂ ಇಲ್ಲ. ಈ ಆ್ಯಪ್‌ನ ನಾಲ್ಕು ಸೌಲಭ್ಯಗಳನ್ನು ಬೇರೆ ಬೇರೆಯಾಗಿ ಕಲಿಯುವ ಬದಲು ಒಂದೇ ಸರಪಳಿಯಾಗಿ ನೋಡಿದರೆ ಬೇಗ ಅರ್ಥವಾಗುತ್ತದೆ. ಸ್ವಾಗತ ಸಂದೇಶ ವಿವರ ಕೇಳುತ್ತದೆ, ಕ್ವಿಕ್ ರಿಪ್ಲೈ ಉತ್ತರ ಕೊಡುತ್ತದೆ, ಲೇಬಲ್ ಆ ಕೆಲಸ ಎಲ್ಲಿ ನಿಂತಿದೆ ಎಂದು ತೋರಿಸುತ್ತದೆ. ಕ್ಯಾಟಲಾಗ್ ಇದ್ದರೆ ಒಂದಷ್ಟು ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಮೊದಲು ನಂಬರ್ ವಿಷಯ

ವಾಟ್ಸ್‌ಆ್ಯಪ್ ಬಿಸಿನೆಸ್ ಬೇರೆಯೇ ಆ್ಯಪ್, ಉಚಿತ. ಮಾಮೂಲಿ ವಾಟ್ಸ್‌ಆ್ಯಪ್ ಇರುವ ಫೋನಿನಲ್ಲೇ ಇದನ್ನೂ ಹಾಕಿಕೊಳ್ಳಬಹುದು, ಆದರೆ ಎರಡಕ್ಕೂ ಒಂದೇ ನಂಬರ್ ಆಗುವುದಿಲ್ಲ. ಸ್ವಂತ ನಂಬರನ್ನೇ ಬಿಸಿನೆಸ್‌ಗೆ ಕೊಟ್ಟರೆ ಹಳೆಯ ಚಾಟ್‌ಗಳು ಅಲ್ಲಿಗೆ ಹೋಗುತ್ತವೆ, ಮಾಮೂಲಿ ಆ್ಯಪ್‌ನಲ್ಲಿ ಆ ನಂಬರ್ ನಿಲ್ಲುತ್ತದೆ. ಅದಕ್ಕೆ ಮೊದಲು ಬ್ಯಾಕಪ್ ತೆಗೆದಿಡಿ. ನನ್ನ ಅಭಿಪ್ರಾಯದಲ್ಲಿ ಎರಡನೇ ಸಿಮ್‌ನ ನಂಬರ್ ಕೊಡುವುದೇ ಒಳ್ಳೆಯದು. ಇಲ್ಲವಾದರೆ ಅತ್ತೆ ಕಳಿಸಿದ 'ಶುಭೋದಯ'ಕ್ಕೂ 'ನಮ್ಮ ಸೇವೆಯನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ' ಎಂಬ ಉತ್ತರ ಹೋಗುವ ಸಾಧ್ಯತೆ ಇದೆ.

ಪ್ರೊಫೈಲ್‌ನಲ್ಲಿ ಹೆಸರು, ವರ್ಗ, ಕೆಲಸದ ವೇಳೆ, ಒಂದೆರಡು ಸಾಲಿನ ವಿವರಣೆ ತುಂಬಿ. ಮನೆಗೆ ಹೋಗಿ ಕೆಲಸ ಮಾಡುವವರು ತಮ್ಮ ಮನೆ ವಿಳಾಸ ಹಾಕಲೇಬೇಕೆಂದಿಲ್ಲ. ಅದರ ಬದಲು ಯಾವ ಯಾವ ಬಡಾವಣೆಗೆ ಬರುತ್ತೀರಿ ಎಂಬುದನ್ನು ವಿವರಣೆಯಲ್ಲೇ ಬರೆದುಬಿಡಿ. ಕೆಲಸದ ವೇಳೆಯನ್ನು ಮಾತ್ರ ಸರಿಯಾಗಿ ತುಂಬಿ, ಮುಂದೆ ಅದರ ಮೇಲೆ ನಿಂತ ಒಂದು ಸಂಗತಿ ಇದೆ.

ಸ್ವಾಗತ ಸಂದೇಶ

Business tools ಒಳಗೆ Greeting message ಇರುತ್ತದೆ. ಅದನ್ನು ಆನ್ ಮಾಡಿ ಸಂದೇಶ ಬರೆದು ಉಳಿಸಿದರೆ ಮುಗಿಯಿತು. ಆದರೆ ಅದು ಯಾವಾಗ ಹೋಗುತ್ತದೆ ಎಂಬುದು ಗೊತ್ತಿರಬೇಕು. ಗ್ರಾಹಕರು ಮೊದಲ ಬಾರಿ ಮೆಸೇಜ್ ಮಾಡಿದಾಗ ಹೋಗುತ್ತದೆ, ಇಲ್ಲವೇ ನಿಮ್ಮಿಬ್ಬರ ನಡುವೆ 14 ದಿನ ಯಾವ ಮಾತುಕತೆಯೂ ಇಲ್ಲದೆ ಆಮೇಲೆ ಅವರು ಮೆಸೇಜ್ ಮಾಡಿದಾಗ ಹೋಗುತ್ತದೆ.

ಪ್ಲಂಬರ್ ಮಟ್ಟಿಗೆ ಈ 14 ದಿನದ ನಿಯಮದಿಂದ ಎರಡು ಪರಿಣಾಮ. ಕಳೆದ ವಾರ ಸರಿಮಾಡಿದ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ ಎಂದು ಯಾರಾದರೂ ಬರೆದರೆ ಅವರಿಗೆ ಸ್ವಾಗತ ಸಂದೇಶ ಹೋಗುವುದಿಲ್ಲ, ನೀವೇ ನೋಡಿ ಉತ್ತರಿಸಬೇಕು. ಎರಡು ತಿಂಗಳ ನಂತರ ಬಂದ ಹಳೆಯ ಗ್ರಾಹಕರಿಗೆ ಅದು ಹೋಗುತ್ತದೆ. ಹಾಗಾಗಿ 'ನಮ್ಮ ಹೊಸ ಗ್ರಾಹಕರಿಗೆ ಸ್ವಾಗತ' ಎಂದು ಬರೆದರೆ ಐದು ವರ್ಷದಿಂದ ಕರೆಯುತ್ತಿರುವವರಿಗೆ ಬೇಸರವಾದೀತು. ಹಳಬರಿಗೂ ಹೊಸಬರಿಗೂ ಒಪ್ಪುವ ಮಾತೇ ಇರಲಿ:

> ನಮಸ್ಕಾರ. ಈಗ ಕೆಲಸದಲ್ಲಿರಬಹುದು, ಕೈ ಬಿಡುವಾದ ಕೂಡಲೇ ಉತ್ತರಿಸುತ್ತೇನೆ. ಅಷ್ಟರಲ್ಲಿ ಮೂರು ವಿಷಯ ಕಳಿಸಿ: ತೊಂದರೆಯ ಫೋಟೊ ಅಥವಾ ಚಿಕ್ಕ ವಿಡಿಯೊ, ಮನೆಯ ಲೊಕೇಶನ್, ನಿಮಗೆ ಅನುಕೂಲವಾದ ಸಮಯ. ನೀರು ನಿಲ್ಲುತ್ತಲೇ ಇಲ್ಲ ಎಂದಾದರೆ ಮೊದಲು ಮೇನ್ ವಾಲ್ವ್ ಮುಚ್ಚಿ, ಇದೇ ನಂಬರಿಗೆ ಕರೆ ಮಾಡಿ.

ಕೇಳಿದ್ದು ಮೂರೇ ವಿಷಯ. ಏಳೆಂಟು ಪ್ರಶ್ನೆ ಇಟ್ಟರೆ ಜನ ಒಂದಕ್ಕೂ ಉತ್ತರಿಸುವುದಿಲ್ಲ. ಮೂರರಲ್ಲಿ ಫೋಟೊ ಮುಖ್ಯ. 'ಪೈಪ್ ಲೀಕ್' ಎಂದರೆ ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್ ಸಡಿಲವಾಗಿರಬಹುದು, ಗೋಡೆಯೊಳಗಿನ ಪೈಪೇ ಬಿರುಕು ಬಿಟ್ಟಿರಬಹುದು. ಮೊದಲನೆಯದಕ್ಕೆ ಒಂದು ವಾಷರ್ ಸಾಕಾಗಬಹುದು, ಎರಡನೆಯದಕ್ಕೆ ಗೋಡೆ ಒಡೆಯಬೇಕು. ಯಾವ ಸಾಮಾನು ಹೊತ್ತು ಹೋಗಬೇಕು ಎಂಬುದು ಫೋಟೊದಿಂದ ತಿಳಿಯುತ್ತದೆ. ಕೊನೆಯ ಸಾಲು ತುರ್ತಿನವರಿಗೆ. ಯಂತ್ರ ಕಳಿಸಿದ ಉತ್ತರ ಓದಿ 'ಸರಿ, ಬರ್ತಾರೆ' ಎಂದು ಕಾಯುತ್ತ ಕೂತರೆ ಮನೆ ತುಂಬ ನೀರಾಗುತ್ತದೆ.

Recipients ಎಂಬಲ್ಲಿ ಯಾರಿಗೆ ಹೋಗಬೇಕು ಎಂದು ಆರಿಸಬಹುದು. Everyone ಎಂದರೆ ಎಲ್ಲರಿಗೂ. Everyone not in address book ಎಂದು ಆರಿಸಿದರೆ ನಂಬರ್ ಸೇವ್ ಮಾಡಿಕೊಂಡವರಿಗೆ ಹೋಗುವುದಿಲ್ಲ. ಇದು ಮನೆಯವರನ್ನು ಹೊರಗಿಡಲು ಅನುಕೂಲ, ಆದರೆ ಗ್ರಾಹಕರ ನಂಬರನ್ನೂ ಸೇವ್ ಮಾಡುವ ಅಭ್ಯಾಸವಿದ್ದರೆ ಅವರಿಗೂ ಹೋಗುವುದಿಲ್ಲ. 'ಆನ್ ಮಾಡಿದ್ದೇನೆ, ಆದರೂ ಕೆಲವರಿಗೆ ಹೋಗುತ್ತಿಲ್ಲ' ಎನಿಸಿದರೆ ಮೊದಲು ಇಲ್ಲಿ ನೋಡಿ. ಫೋನಿನಲ್ಲಿ ಇಂಟರ್ನೆಟ್ ಇದೆಯೇ ಎಂದು ನೋಡುವುದು ಆಮೇಲೆ. ನೆಟ್ ಇಲ್ಲದ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದರೆ ತಾನೇ ಹೋಗುವ ಸಂದೇಶವೂ ಹೋಗುವುದಿಲ್ಲ.

ಪರೀಕ್ಷಿಸುವಾಗಲೂ ಒಂದು ಸಂಗತಿ ನೆನಪಿರಲಿ. ಮನೆಯವರ ಫೋನಿನಿಂದ 'ಹಾಯ್' ಕಳಿಸಿದಾಗ ಸಂದೇಶ ಬಂತು, ತಪ್ಪೊಂದನ್ನು ತಿದ್ದಿದಿರಿ, ಅದೇ ಫೋನಿನಿಂದ ಮತ್ತೆ ಕಳಿಸಿದರೆ ಬರಲಿಲ್ಲ. ಕೆಟ್ಟಿದ್ದು ಏನೂ ಇಲ್ಲ, ಆ ನಂಬರಿಗೆ 14 ದಿನದ ಲೆಕ್ಕ ಶುರುವಾಗಿದೆ ಅಷ್ಟೆ. ಇನ್ನೊಂದು ನಂಬರಿನಿಂದ ನೋಡಬೇಕು.

ಇದರ ಪಕ್ಕದಲ್ಲೇ Away message ಇದೆ. ಅದನ್ನು Outside of business hours ಎಂದು ಇಟ್ಟರೆ ಪ್ರೊಫೈಲ್‌ನಲ್ಲಿ ತುಂಬಿದ ಕೆಲಸದ ವೇಳೆಯ ಆಚೆ ಬಂದ ಮೆಸೇಜ್‌ಗಳಿಗೆ ಹೋಗುತ್ತದೆ. ವೇಳೆ ತಪ್ಪಾಗಿ ತುಂಬಿದ್ದರೆ ಹಾಡಹಗಲೇ 'ನಾಳೆ ಬೆಳಗ್ಗೆ ಉತ್ತರಿಸುತ್ತೇನೆ' ಎಂದು ಹೋಗಿರುತ್ತದೆ.

ಕ್ವಿಕ್ ರಿಪ್ಲೈ

ಪದೇ ಪದೇ ಟೈಪ್ ಮಾಡುವ ಉತ್ತರಕ್ಕೆ ಒಂದು ಚಿಕ್ಕ ಹೆಸರು ಕೊಟ್ಟಿಡುವುದು ಇದರ ಕೆಲಸ. ಚಾಟ್‌ನಲ್ಲಿ / ಒತ್ತಿದರೆ ಪಟ್ಟಿ ಬರುತ್ತದೆ, ಬೇಕಾದ್ದನ್ನು ಮುಟ್ಟಿದರೆ ಪೂರ್ತಿ ಉತ್ತರ ಟೈಪ್ ಮಾಡುವ ಜಾಗಕ್ಕೆ ಬಂದು ಕೂರುತ್ತದೆ. 50ರವರೆಗೆ ಇಡಬಹುದು, ಆದರೆ ಆರೇಳಕ್ಕಿಂತ ಹೆಚ್ಚಾದರೆ ಯಾವುದರ ಹೆಸರು ಏನೆಂಬುದೇ ಮರೆತುಹೋಗುತ್ತದೆ. ಚಿಕ್ಕ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಓರೆಗೆರೆ ಒತ್ತಿ ಮತ್ತೆ ಕನ್ನಡ ಕೀಲಿಮಣೆಗೆ ಬದಲಿಸುವಷ್ಟರಲ್ಲಿ ಉತ್ತರವನ್ನೇ ಟೈಪ್ ಮಾಡಿ ಮುಗಿಸಬಹುದು. ನಮ್ಮ ಪ್ಲಂಬರ್‌ಗೆ ಸಾಕಾಗುವಂಥವು:

```
/fee     ನೋಡಲು ಬರುವ ಶುಲ್ಕ
/samaya  ಬರುವ ದಿನ, ಸಮಯ ಖಚಿತ
/bhaga   ಬಿಡಿಭಾಗ ತರಿಸಬೇಕು
/hana    ಪಾವತಿ ಹೇಗೆ
```

ಆರಿಸಿದ ಕೂಡಲೇ ಉತ್ತರ ಹೋಗಿಬಿಡುವುದಿಲ್ಲ, ಕಳಿಸುವ ಗುರುತು ಒತ್ತಬೇಕು. ಈ ನಡುವಿನ ಕ್ಷಣ ತುಂಬ ಉಪಯೋಗಕ್ಕೆ ಬರುತ್ತದೆ. '/samaya' ಒಳಗೆ 'ದಿನ: ..., ಸಮಯ: ...' ಎಂದು ಜಾಗ ಬಿಟ್ಟಿರಿ, ಕಳಿಸುವ ಮುನ್ನ ತುಂಬಿ. ತುಂಬದೆ ಕಳಿಸಿದರೆ ಗ್ರಾಹಕರಿಗೆ ಬರೀ ಚುಕ್ಕಿಗಳು ಕಾಣುತ್ತವೆ. ಆದ್ದರಿಂದ ತುಂಬಬೇಕಾದ ಜಾಗ ಉತ್ತರದ ಕೊನೆಯಲ್ಲೇ ಇರಲಿ, ಆಗ ಕರ್ಸರ್ ಹುಡುಕುತ್ತ ಬೆರಳಾಡಿಸುವ ಕಷ್ಟವಿಲ್ಲ.

'/fee' ಬರೆಯುವಾಗ ಒಂದು ಮಾತನ್ನು ಬಿಡಿಸಿ ಹೇಳಿ: ಬಂದು ನೋಡಿದ್ದಕ್ಕೆ ಶುಲ್ಕ ಎಷ್ಟು, ಕೆಲಸ ಒಪ್ಪಿದರೆ ಅದು ಒಟ್ಟು ಮೊತ್ತದಲ್ಲಿ ವಜಾ ಆಗುತ್ತದೆಯೇ, ಸಾಮಾನಿನ ಬೆಲೆ ಬೇರೆಯೇ. ಮನೆ ಬಾಗಿಲಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಈ ಮೂರರ ಸುತ್ತಲೇ ಇರುತ್ತವೆ.

ಲೇಬಲ್

ಆ್ಯಪ್‌ನಲ್ಲಿ ಮೊದಲೇ ಇರುವ New order, Pending payment, Paid ಮುಂತಾದವು ಸಾಮಾನು ಮಾರುವವರಿಗೆ ಸರಿ. ಸೇವೆ ಕೊಡುವವರು ಹೆಸರು ಬದಲಿಸಿಕೊಳ್ಳಬೇಕು. 'ವಿವರ ಬರಬೇಕು', 'ದಿನ ನಿಗದಿ', 'ಭಾಗ ಬರಬೇಕು', 'ಹಣ ಬಾಕಿ', ಇಷ್ಟೇ ಸಾಕು. ಕೆಲಸವೂ ಹಣವೂ ಮುಗಿದವರಿಗೆ ಲೇಬಲ್ ಬೇಡ, ತೆಗೆದುಬಿಡಿ. 20 ಲೇಬಲ್‌ಗಳವರೆಗೆ ಅವಕಾಶವಿದೆ ಎಂದು ಗ್ರಾಹಕರನ್ನು ಬಡಾವಣೆಗಳ ಪ್ರಕಾರ ಹಂಚುವವರಿದ್ದಾರೆ, ಆದರೆ ಬೆಳಗ್ಗೆ ಎದ್ದು ನೋಡಬೇಕಾದದ್ದು ಬಡಾವಣೆಯನ್ನಲ್ಲ, ಮುಂದಿನ ಹೆಜ್ಜೆ ಯಾರದ್ದು ಎಂಬುದನ್ನು. ಲೇಬಲ್ ನಿಮಗೆ ಮಾತ್ರ ಕಾಣುತ್ತದೆ, ಗ್ರಾಹಕರಿಗಲ್ಲ.

ಹೊಸ ಲೇಬಲ್ ಹಾಕಿದರೆ ಹಳೆಯದು ತಾನಾಗಿ ಹೋಗುವುದಿಲ್ಲ, ಇಲ್ಲಿಯೇ ಎಲ್ಲರೂ ಎಡವುವುದು. ಒಂದೇ ಚಾಟ್ 'ದಿನ ನಿಗದಿ'ಯಲ್ಲೂ 'ಹಣ ಬಾಕಿ'ಯಲ್ಲೂ ಕಂಡರೆ ಹಳೆಯದನ್ನು ತೆಗೆಯಲು ಮರೆತಿದ್ದೀರಿ ಎಂದರ್ಥ. ಲೇಬಲ್‌ಗೆ ದಿನಾಂಕವೂ ತಿಳಿಯದು, ನೆನಪಿಸುವುದೂ ಇಲ್ಲ, ಅದಕ್ಕೆ ಫೋನಿನ ಕ್ಯಾಲೆಂಡರ್ ಬೇಕೇ ಬೇಕು. ಇಡೀ ಚಾಟ್‌ಗೆ ಬದಲು ಒಂದೇ ಮೆಸೇಜ್‌ಗೂ ಲೇಬಲ್ ಹಾಕಬಹುದು. ದಿನ ಖಚಿತಪಡಿಸಿ ಕಳಿಸಿದ ಮೆಸೇಜ್‌ಗೇ 'ದಿನ ನಿಗದಿ' ಹಾಕಿದರೆ ಲೇಬಲ್ ತೆರೆದ ಕೂಡಲೇ ದಿನ, ಸಮಯ ಕಣ್ಣೆದುರಿಗೇ ಇರುತ್ತದೆ, ಉದ್ದ ಚಾಟ್ ಉರುಳಿಸುತ್ತ ಹುಡುಕಬೇಕಿಲ್ಲ.

ಕ್ಯಾಟಲಾಗ್

ಇದರ ಒಂದೊಂದು ಐಟಂಗೂ ಚಿತ್ರ, ಹೆಸರು, ಬೆಲೆ, ವಿವರಣೆ ಇರುತ್ತವೆ. ಬೆಲೆಯ ಜಾಗದಲ್ಲಿ ಅಂಕಿ ಮಾತ್ರ, 'ಇಷ್ಟರಿಂದ ಶುರು' ಎಂದು ಬರೆಯಲು ಆಗುವುದಿಲ್ಲ. 'ಪೈಪ್ ಲೀಕ್ ರಿಪೇರಿ' ಎಂದು ಒಂದು ಅಂಕಿ ಹಾಕಿಬಿಟ್ಟರೆ ಗ್ರಾಹಕರು ಅದನ್ನೇ ಒಟ್ಟು ಖರ್ಚು ಎಂದುಕೊಳ್ಳುತ್ತಾರೆ. ನೋಡುವ ಮುನ್ನವೇ ಮೊತ್ತ ಹೇಳಬಹುದಾದ ಕೆಲಸಕ್ಕೆ ಮಾತ್ರ ಬೆಲೆ ಹಾಕಿ: ನಲ್ಲಿ ಬದಲಿಸುವ ಕೂಲಿ, ಫ್ಲಶ್ ಟ್ಯಾಂಕಿನ ವಾಲ್ವ್ ಬದಲಿಸುವ ಕೂಲಿ. ಉಳಿದವಕ್ಕೆ ಬೆಲೆ ಖಾಲಿ ಬಿಟ್ಟು ವಿವರಣೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಬರೆಯಿರಿ. ಉದಾಹರಣೆಗೆ:

> ಸಿಂಕಿನ ಕೆಳಗಿನ ಸೋರಿಕೆ. ಬಿಚ್ಚಿ ಸ್ವಚ್ಛಗೊಳಿಸುವುದು, ವಾಷರ್ ಬದಲಿಸುವುದು, ನೀರು ಬಿಟ್ಟು ಪರೀಕ್ಷಿಸುವುದು ಸೇರಿದೆ. ಹೊಸ ಪೈಪ್ ಅಥವಾ ಟ್ರ್ಯಾಪ್ ಬೇಕಾದರೆ ಅದರ ಬೆಲೆ ಬೇರೆ. ಗೋಡೆ ಒಡೆಯುವ ಕೆಲಸ ಇದರಲ್ಲಿಲ್ಲ.

ಚಿತ್ರ ಇಂಟರ್ನೆಟ್‌ನಿಂದ ಎತ್ತಿದ್ದು ಬೇಡ, ನೀವೇ ಮಾಡಿದ ಕೆಲಸದ್ದು ಇರಲಿ. ಆದರೆ ಗ್ರಾಹಕರನ್ನು ಕೇಳಿ ತೆಗೆಯಿರಿ, ಮನೆಯ ಬೇರೆ ವಸ್ತುಗಳು ಫೋಟೊದಲ್ಲಿ ಬೀಳದಂತೆ ನೋಡಿಕೊಳ್ಳಿ. ಹಾಕಿದ ಐಟಂ ಪರಿಶೀಲನೆಯಾದ ಮೇಲೆ ಗ್ರಾಹಕರಿಗೆ ಕಾಣುತ್ತದೆ, ಕೂಡಲೇ ಕಾಣಲಿಲ್ಲವೆಂದು ಅಳಿಸಿ ಮತ್ತೆ ಹಾಕಬೇಡಿ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ Add to cart ಎಂಬುದನ್ನು ಆಫ್ ಮಾಡಿ. ಅಂಗಡಿಗೆ ಅದು ಸರಿ, ಇಲ್ಲಿ ಯಾರೋ ಮೂರು 'ಸೋರಿಕೆ ರಿಪೇರಿ'ಯನ್ನು ಬುಟ್ಟಿಗೆ ಹಾಕಿ ಕಳಿಸಿದರೆ ಏನು ಮಾಡುತ್ತೀರಿ?

ಒಂದು ಕೆಲಸ, ಮೊದಲಿನಿಂದ ಕೊನೆವರೆಗೆ

ಸಂಜೆ 'ಅಣ್ಣಾ, ಅಡುಗೆಮನೇಲಿ ನೀರು ಸೋರ್ತಿದೆ' ಎಂದು ಹೊಸ ನಂಬರಿನಿಂದ ಮೆಸೇಜ್ ಬರುತ್ತದೆ. ಸ್ವಾಗತ ಸಂದೇಶ ತಾನಾಗಿ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಫೋನ್ ನೋಡಿದಾಗ ಫೋಟೊ, ಲೊಕೇಶನ್ ಬಂದಿವೆ, ಸಮಯ ಹೇಳಿಲ್ಲ. ಚಾಟ್‌ಗೆ 'ವಿವರ ಬರಬೇಕು' ಹಾಕಿ, 'ನಾಳೆ ಬೆಳಗ್ಗೆ ಆಗುತ್ತಾ ಮೇಡಂ?' ಎಂದು ಕೇಳಿ, ಕ್ಯಾಟಲಾಗ್‌ನಿಂದ 'ಸಿಂಕಿನ ಕೆಳಗಿನ ಸೋರಿಕೆ' ಐಟಂ ಕಳಿಸಿ, ಜೊತೆಗೆ '/fee'. ಅವರು 'ಹತ್ತಕ್ಕೆ ಬನ್ನಿ' ಎಂದರೆ '/samaya' ತುಂಬಿ ಕಳಿಸಿ, ಆ ಮೆಸೇಜ್‌ಗೆ 'ದಿನ ನಿಗದಿ' ಹಾಕಿ, ಚಾಟ್‌ನ ಹಳೆಯ ಲೇಬಲ್ ತೆಗೆಯಿರಿ.

ಮರುದಿನ ಬಿಚ್ಚಿ ನೋಡಿದರೆ ಟ್ರ್ಯಾಪ್ ಬಿರುಕು ಬಿಟ್ಟಿದೆ, ಆ ಅಳತೆಯದು ಚೀಲದಲ್ಲಿಲ್ಲ. ಕ್ಯಾಟಲಾಗ್‌ನಲ್ಲಿ 'ಹೊಸ ಟ್ರ್ಯಾಪ್‌ನ ಬೆಲೆ ಬೇರೆ' ಎಂದು ಅವರು ಓದಿಯೇ ಇರುವುದರಿಂದ ವಾದವಿಲ್ಲ. '/bhaga' ಕಳಿಸಿ, 'ದಿನ ನಿಗದಿ' ತೆಗೆದು ಚಾಟ್‌ಗೆ 'ಭಾಗ ಬರಬೇಕು' ಹಾಕಿ ಹೊರಟರೆ, ಸಾಮಾನಿನ ಅಂಗಡಿ ಮುಂದೆ ನಿಂತಾಗ ಆ ಲೇಬಲ್ ತೆರೆದರಾಯಿತು: ಯಾರ ಯಾರ ಮನೆಗೆ ಏನು ಕೊಳ್ಳಬೇಕು ಎಂಬುದು ಅವರವರ ಫೋಟೊ ಸಮೇತ ಸಿಗುತ್ತದೆ.